‘ವರೆಗೆ’ ಎಂಬ ಮಾತಿನ ಬೆಲೆ

ಭಾಲ್ಕಿಯ ಒಬ್ಬ ಕಿರಾಣಿ ಅಂಗಡಿಯವರು ಕಳೆದ ತಿಂಗಳು ನನ್ನನ್ನು ಕರೆದು ಉದ್ರಿ ವಹಿಯ ಒಂದು ಪುಟ ತೋರಿಸಿದರು. ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದ ಬೇಳೆ ಮಿಲ್ಲಿಗೆ ದಿನವೂ ಹೋಗಿ ಬರುವ ತರುಣನೊಬ್ಬನ ಹೆಸರಿನಲ್ಲಿ 2,400 ರೂಪಾಯಿ ಬಾಕಿ ಇತ್ತು. “ಮಾಸ್ತರರೇ, ಈ ಹುಡುಗ ಫೋನಿನಾಗ ರೊಕ್ಕ ಬರ್ತದ, ಬಂದ ಕೂಡಲೇ ಕೊಡ್ತೀನಿ ಅಂತ ಹೇಳ್ಯಾನ. ಖರೇನೇ ಬರ್ತದೇನ್ರಿ?” ಎಂದು ಕೇಳಿದರು. ಹುಡುಗ ನನ್ನ ಹಳೆಯ ವಿದ್ಯಾರ್ಥಿ. ಸುಳ್ಳು ಹೇಳುವವನಲ್ಲ. ಆದುದರಿಂದ ಅವನನ್ನೇ ಕೂರಿಸಿಕೊಂಡು ಲೆಕ್ಕ ಹಾಕಿದೆ. ಆ ಲೆಕ್ಕವನ್ನು ಓದುಗ ಬಂಧುಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಹಣ ಕಳಿಸುವ ಒಂದು ಆ್ಯಪ್ ಅವನಿಗೆ ಹೇಳಿದ್ದು ಇಷ್ಟೇ: ಒಬ್ಬ ಗೆಳೆಯನನ್ನು ಸೇರಿಸಿದರೆ 100 ರೂಪಾಯಿವರೆಗೆ ಬಹುಮಾನ. ಅವನ ಫೋನಿನಲ್ಲಿ 60 ಜನರ ನಂಬರುಗಳಿದ್ದವು. ಅರವತ್ತನ್ನು ನೂರರಿಂದ ಗುಣಿಸಿದರೆ 6,000. ಉದ್ರಿ ತೀರಿಸಿ, ತಂಗಿಯ ಕಾಲೇಜಿನ ಫೀಯನ್ನೂ ಕಟ್ಟಬಹುದು ಎಂದು ಅವನು ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದ. ಗುಣಾಕಾರ ತಪ್ಪಲ್ಲ. ಗುಣಿಸಿದ ಎರಡು ಅಂಕಿಗಳೂ ತಪ್ಪು.

ಮೊದಲು ಅರವತ್ತರ ಮಾತು. ಅವರಲ್ಲಿ 36 ಜನರ ಫೋನಿನಲ್ಲಿ ಆ ಆ್ಯಪ್ ಮೊದಲೇ ಇತ್ತು. ಒಂದು ಸಲ ಇಟ್ಟು ತೆಗೆದುಹಾಕಿದವನೂ ಕಂಪನಿಯ ಕಣ್ಣಿಗೆ ಹೊಸಬನಲ್ಲ. ಅವನ ನಂಬರು ಅಲ್ಲಿ ದಾಖಲಾಗಿಯೇ ಇರುತ್ತದೆ. ಇನ್ನು 10 ಜನರಲ್ಲಿ ಕೆಲವರ ಬಳಿ ಗುಂಡಿ ಒತ್ತುವ ಹಳೆಯ ಫೋನು, ಕೆಲವರ ನಂಬರು ಬ್ಯಾಂಕಿನ ಖಾತೆಗೆ ಜೋಡಣೆಯಾಗಿಲ್ಲ. 8 ಜನ “ನಮಗ್ಯಾಕೆ ಇದು” ಎಂದು ಬಿಟ್ಟರು. ಉಳಿದವರು ಆರು. ಇವರೆಲ್ಲ ಔರಾದ ಕಡೆಯ ನೆಂಟರು. ಅವರಿಗಾಗಿ ಒಂದು ಭಾನುವಾರ ಔರಾದಿಗೇ ಹೋಗಿ ಕೈಹಿಡಿದು ಸೇರಿಸಿ ಬಂದ.

ಆ ಆರರಲ್ಲಿಯೂ ಎಣಿಕೆಗೆ ಬಂದದ್ದು ಮೂರೇ. ಇಬ್ಬರು ಇವನು ಕಳಿಸಿದ ಕೊಂಡಿಯನ್ನು ಒತ್ತದೆ, ನೇರವಾಗಿ ಪ್ಲೇ ಸ್ಟೋರಿನಿಂದ ಆ್ಯಪ್ ಇಳಿಸಿಕೊಂಡಿದ್ದರು. ಕರೆತಂದವನು ಯಾರೆಂದು ತಿಳಿಯಲು ಕಂಪನಿಗೆ ಆ ಕೊಂಡಿಯೊಂದೇ ಗುರುತು. ಅದಿಲ್ಲದಿದ್ದರೆ ಅವರು ತಾವಾಗಿ ಬಂದ ಗಿರಾಕಿಗಳು. ಇನ್ನೊಬ್ಬ ಕೊಂಡಿಯಿಂದಲೇ ಸೇರಿದ್ದ, ಆದರೆ ಮೊದಲ ಸಲ ಕಳಿಸಿದ ಹಣ ಶರತ್ತಿನಲ್ಲಿ ಹೇಳಿದ ಮೊತ್ತಕ್ಕಿಂತ ಕಡಿಮೆ ಇತ್ತು. ಶರತ್ತು ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ, ಮೂರನೆಯ ಪುಟದಲ್ಲಿತ್ತು.

ಈಗ ನೂರರ ಮಾತು. ಮೂವರಿಗೆ ಮೂರು ಸ್ಕ್ರಾಚ್ ಕಾರ್ಡು ಬಂದವು. ಕೆರೆದಾಗ ಕಂಡದ್ದು 51, 21, ಮತ್ತೆ 21. ಒಟ್ಟು 93 ರೂಪಾಯಿ. ಔರಾದಿಗೆ ಹೋಗಿ ಬಂದ ಬಸ್ಸಿನ ಖರ್ಚು ಅದಕ್ಕಿಂತ ಹೆಚ್ಚು. “100 ರೂಪಾಯಿ” ಎಂದಿದ್ದರೆ ಅದು ಮಾತು ಕೊಟ್ಟ ಹಾಗೆ. “100 ರೂಪಾಯಿವರೆಗೆ” ಎಂದರೆ ನೂರಕ್ಕಿಂತ ಹೆಚ್ಚು ಕೊಡುವುದಿಲ್ಲ ಎಂದಷ್ಟೇ ಅರ್ಥ. ಕೆಳಗಿನ ಮಿತಿ ಎಷ್ಟೆಂದು ಅಲ್ಲಿ ಬರೆದಿರಲಿಲ್ಲ. ನಮ್ಮ ಹುಡುಗನು ಗರಿಷ್ಠವನ್ನು ಕೂಲಿಯೆಂದು ಓದಿಕೊಂಡ.

ಇದು ಅವನೊಬ್ಬನ ದುರದೃಷ್ಟವೇ? ಅಲ್ಲ. ಶಾಲೆಯ ಹಲಗೆಯ ಮೇಲೆ ತೋರಿಸಬಹುದಾದ ಲೆಕ್ಕವಿದು. ಒಂದು ಹಳ್ಳಿಯಲ್ಲಿ 200 ಫೋನುಗಳಿವೆ ಎನ್ನೋಣ. ಮೊದಲನೆಯವನು ಮೂವರನ್ನು ಸೇರಿಸಿದ, ಆ ಮೂವರೂ ತಲಾ ಮೂವರನ್ನು, ಹೀಗೆಯೇ ಮುಂದುವರಿಯಿತು. ಒಂದು, ಮೂರು, ಒಂಬತ್ತು, ಇಪ್ಪತ್ತೇಳು, ಎಂಬತ್ತೊಂದು, ಕೂಡಿದರೆ 121. ಮುಂದಿನ ಸುತ್ತಿಗೆ 243 ಜನ ಬೇಕು, ಹಳ್ಳಿಯಲ್ಲಿ ಉಳಿದವರು 79. ಕೊನೆಯ ಸುತ್ತಿನ 81 ಮಂದಿಗೆ ತಲಾ ಒಬ್ಬ ಹೊಸಬನೂ ಸಿಕ್ಕುವುದಿಲ್ಲ. ಅಂದರೆ ಸೇರಿದ ಪ್ರತಿ ಮೂವರಲ್ಲಿ ಇಬ್ಬರು ತಡವಾಗಿ ಬಂದವರೇ ಆಗಿರುತ್ತಾರೆ. ಮೊದಲು ಬಂದವನ ಗಳಿಕೆಯ ಕಥೆ ಊರೆಲ್ಲ ಹರಡುತ್ತದೆ. ಆ ಕಥೆ ಕೇಳಿ ಹೊರಡುವವನಿಗೆ ಊರಿನಲ್ಲಿ ಹೊಸಬರೇ ಉಳಿದಿರುವುದಿಲ್ಲ.

ಹಾಗಾದರೆ ಕಂಪನಿಗಳು ಈ ಹಣವನ್ನಾದರೂ ಏಕೆ ಕೊಡುತ್ತವೆ? ಎಲ್ಲಿಂದ ಕೊಡುತ್ತವೆ? ಇಲ್ಲಿಯೇ ವಿಷಯದ ಬೇರು ಇದೆ.

2017ರ ಏಪ್ರಿಲ್ 14ರಂದು ನಾಗಪುರದಲ್ಲಿ ಕೇಂದ್ರ ಸರ್ಕಾರವು ಭೀಮ್ ಆ್ಯಪಿಗೆ ಇಂಥದೇ ಒಂದು ಯೋಜನೆಯನ್ನು ಪ್ರಕಟಿಸಿತು. ಸೇರಿಸಿದವನಿಗೂ ಸೇರಿದವನಿಗೂ ತಲಾ 10 ರೂಪಾಯಿ. ಆದರೆ ಹೊಸಬನು ಮೂರು ಬೇರೆ ಬೇರೆ ವ್ಯವಹಾರ ಮಾಡಿ ಒಟ್ಟು 50 ರೂಪಾಯಿಯಾದರೂ ಕಳಿಸಿರಬೇಕು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಗೂಗಲ್ ಕಂಪನಿಯು ತೇಜ್ ಎಂಬ ಆ್ಯಪ್ ತಂದು ತಲಾ 51 ರೂಪಾಯಿ ಎಂದು ಸಾರಿತು. ಮುಂದೆ ಅದಕ್ಕೇ ಗೂಗಲ್ ಪೇ ಎಂದು ಹೆಸರಾಯಿತು. ಆಗ ನೋಟು ರದ್ದಾಗಿ ವರ್ಷ ಕಳೆದಿರಲಿಲ್ಲ. ಜನರಿಗೆ ಫೋನಿನಿಂದ ಹಣ ಕಳಿಸುವ ರೂಢಿ ಇರಲಿಲ್ಲ. ರೂಢಿ ಮಾಡಿಸಲು ಹಣ ಚೆಲ್ಲಿದರು. ಹತ್ತು ಆಗಲಿ, ಐವತ್ತೊಂದಾಗಲಿ, ಅದು ಒಬ್ಬ ಗಿರಾಕಿಯನ್ನು ತಂದುಕೊಟ್ಟದ್ದಕ್ಕೆ ಒಂದೇ ಸಲ ಕೊಡುವ ದಲಾಲಿ. ದಲಾಲಿಯು ಪ್ರತಿ ತಿಂಗಳೂ ಬರುವ ಸಂಬಳವಲ್ಲ.

ಇಂದು ಫೋನಿರುವ ಬಹುಪಾಲು ಜನಕ್ಕೆ ಆ ರೂಢಿ ಆಗಿದೆ. ಯುಪಿಐ ವ್ಯವಹಾರಗಳಲ್ಲಿ ನೂರಕ್ಕೆ ಸುಮಾರು ಎಂಬತ್ತು ಪಾಲು ಫೋನ್‌ಪೇ ಮತ್ತು ಗೂಗಲ್ ಪೇ ಎರಡರ ಕೈಯಲ್ಲೇ ಇದೆ. ಬಲೆ ತುಂಬಿದ ಮೇಲೆ ಬೆಸ್ತನು ಮೀನಿಗೆ ಹಿಟ್ಟು ಹಾಕುವನೇ?

ಇನ್ನೊಂದು ಕಾರಣವೂ ಉಂಟು. ನೀವು ಯುಪಿಐ ಮೂಲಕ ಅಂಗಡಿಗೆ ಹಣ ಕೊಟ್ಟರೆ ಕಂಪನಿಗೆ ಅದರಲ್ಲಿ ಹೆಚ್ಚಿನದೇನೂ ಸಿಗುವುದಿಲ್ಲ. 2020ರ ಜನವರಿ 1ರಿಂದ ಬ್ಯಾಂಕು ಖಾತೆಯಿಂದ ಹೋಗುವ ಇಂಥ ಹಣದ ಮೇಲೆ ವ್ಯಾಪಾರಿಯಿಂದ ಕಮಿಷನ್ ತೆಗೆದುಕೊಳ್ಳುವಂತಿಲ್ಲ. ವ್ಯಾಪಾರಿಗಳಿಗೆ ಇದು ಒಳ್ಳೆಯದೇ. ಅದಕ್ಕೆ ಬದಲಾಗಿ ಸರ್ಕಾರ ಪ್ರೋತ್ಸಾಹಧನ ಕೊಟ್ಟಿತು. 2024-25ರ ಸಾಲಿನಲ್ಲಿ, ಸಣ್ಣ ವ್ಯಾಪಾರಿಗೆ ಕೊಟ್ಟ 2,000 ರೂಪಾಯಿವರೆಗಿನ ಹಣಕ್ಕೆ ನೂರಕ್ಕೆ 15 ಪೈಸೆಯ ದರ. ನೂರು ರೂಪಾಯಿಯ ಎಣ್ಣೆ ಕೊಂಡರೆ ಹುಟ್ಟುವುದು 15 ಪೈಸೆ. ಅದನ್ನೂ ಬ್ಯಾಂಕುಗಳು ಮತ್ತು ಆ್ಯಪ್ ಹಂಚಿಕೊಳ್ಳಬೇಕು. ಹೀಗಿರುವಾಗ ಎಣ್ಣೆ ಕೊಂಡವನಿಗೆ ಪ್ರತಿ ಸಲ ಐದು ರೂಪಾಯಿ ವಾಪಸು ಕೊಡುವುದು ಯಾವ ಗಂಟಿನಿಂದ? ಅದು ಜಾಹೀರಾತಿನ ಖರ್ಚಿನ ಗಂಟು. ನಿಮ್ಮನ್ನು ಸಾಲಕ್ಕೋ, ವಿಮೆಗೋ, ಬೇರೊಂದು ಕಂಪನಿಯ ಸಾಮಾನಿಗೋ ಎಳೆಯಬಹುದೆಂಬ ಆಸೆ ಇರುವ ತನಕ ಅದರ ಬಾಯಿ ತೆರೆದಿರುತ್ತದೆ. ಅದಕ್ಕೇ ಈಗ ಕಾರ್ಡು ಕೆರೆದರೆ ರೊಕ್ಕದ ಬದಲು ಕೂಪನ್ನು ಹೆಚ್ಚು. ಎರಡು ಸಾವಿರದ ಸಾಮಾನು ಕೊಂಡರೆ ಇನ್ನೂರು ಬಿಡುತ್ತೇವೆ ಎನ್ನುವ ಕೂಪನ್ನು ಬಹುಮಾನವಲ್ಲ, ಅಂಗಡಿಯ ಬೋರ್ಡು.

ಕೊಟ್ಟದ್ದು ಬೇರೆ ಬಾಗಿಲಿನಿಂದ ಹಿಂದಕ್ಕೆ ಹೋಗುವುದೂ ಉಂಟು. 2021ರಿಂದ ಫೋನ್‌ಪೇ, 2023ರಿಂದ ಗೂಗಲ್ ಪೇ, ಮೊಬೈಲ್ ರೀಚಾರ್ಜಿನ ಮೇಲೆ ಸಣ್ಣ ಶುಲ್ಕ ಹಾಕತೊಡಗಿದವು. ಮನೆಯಲ್ಲಿ ನಾಲ್ಕು ಫೋನುಗಳಿದ್ದು, ತಿಂಗಳಿಗೊಮ್ಮೆ ರೀಚಾರ್ಜು ಮಾಡುವಾಗ ಫೋನಿಗೆ 3 ರೂಪಾಯಿ ಹೋದರೂ ವರ್ಷಕ್ಕೆ 144 ರೂಪಾಯಿ. ನಮ್ಮ ಹುಡುಗನ 93 ರೂಪಾಯಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ.

ಸಾಮಾನು ಕೊಳ್ಳುವಾಗಲೂ ಇದೇ ‘ವರೆಗೆ’. ನೂರಕ್ಕೆ ಹತ್ತು ವಾಪಸು, 30 ರೂಪಾಯಿವರೆಗೆ, 299ಕ್ಕಿಂತ ಕಡಿಮೆ ಬಿಲ್ಲಿಗೆ ಇಲ್ಲ. ಇಂಥ ಸಾಲನ್ನು ನೀವೂ ಓದಿರುತ್ತೀರಿ. 200ರ ಸಾಮಾನು ಬೇಕಾದವನು ಬೇಡದ್ದನ್ನು ಸೇರಿಸಿ 300 ಮಾಡುತ್ತಾನೆ. 30 ಬಂತು, ಆದರೆ ಖರ್ಚಾದದ್ದು ನೂರು ಹೆಚ್ಚು. 1,500ರ ಸಾಮಾನು ಕೊಂಡವನಿಗೂ ಅದೇ 30. ಅವನಿಗೆ ನೂರಕ್ಕೆ ಹತ್ತಲ್ಲ, ನೂರಕ್ಕೆ ಎರಡು. ಭಾಲ್ಕಿಯ ಅಂಗಡಿಯವರು 2,400 ರೂಪಾಯಿಯ ಉದ್ರಿಯನ್ನು ತಿಂಗಳುಗಟ್ಟಲೆ ಬಡ್ಡಿಯಿಲ್ಲದೆ ತಡೆದುಕೊಂಡಿದ್ದಾರಲ್ಲ, ಅದು ಯಾವ ಆ್ಯಪಿನ ಕ್ಯಾಶ್‌ಬ್ಯಾಕಿಗೆ ಕಡಿಮೆ? ಕೈಯಲ್ಲಿ ರೊಕ್ಕ ಇದ್ದಾಗ ಆ್ಯಪಿನಲ್ಲಿ ಕೊಂಡು, ಇಲ್ಲದಾಗ ಉದ್ರಿಗೆ ಬರುವುದು ಮಿಲ್ಲಿನವನಿಗೂ ಅಂಗಡಿಯವನಿಗೂ ಕೂಡಿಬರುವ ಲೆಕ್ಕವಲ್ಲ.

ಇದರಿಂದ ನಾನು ಕ್ಯಾಶ್‌ಬ್ಯಾಕ್ ಮುಟ್ಟಲೇಬೇಡಿ ಎನ್ನುತ್ತಿಲ್ಲ. ದಾರಿಯಲ್ಲಿ ಸಿಕ್ಕ ನಾಣ್ಯವನ್ನು ಯಾರೂ ಬಿಸಾಡುವುದಿಲ್ಲ. ಹೇಗಿದ್ದರೂ ಕಟ್ಟಲೇಬೇಕಾದ ಬಿಲ್ಲಿನ ಮೇಲೆ ಬಂದರೆ ತೆಗೆದುಕೊಳ್ಳಿರಿ. ಆದರೆ ಬಂದ ಮೇಲೆ ಎಣಿಸಿರಿ. ಬರುವ ಮೊದಲು ಅದರ ಮೇಲೆ ಉದ್ರಿ ಮಾಡಬೇಡಿರಿ.

ಎರಡು ಗುರುತುಗಳನ್ನು ಮಾತ್ರ ಮರೆಯತಕ್ಕದ್ದಲ್ಲ. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ. ಅದು ನಿಮ್ಮ ಖಾತೆಯಿಂದ ಹಣ ಹೊರಗೆ ಹೋಗುವಾಗ ಬೇಕಾಗುವ ಬೀಗದ ಕೈ. “ಕ್ಯಾಶ್‌ಬ್ಯಾಕ್ ಬಂದಿದೆ, ಪಿನ್ ಒತ್ತಿ” ಎಂದವನು ಕಳ್ಳ. ಹಣ ಹೋಗಿದ್ದರೆ ತಡಮಾಡದೆ 1930 ನಂಬರಿಗೆ ಫೋನು ಮಾಡಬೇಕು. ಎರಡನೆಯದು, ಸೇರಲಿಕ್ಕೆ ನಿಮ್ಮಿಂದಲೇ ಶುಲ್ಕ ಕೇಳಿ, ನೀವು ಸೇರಿಸಿದವರು ಸೇರಿಸಿದವರಿಂದಲೂ ಪಾಲು ಬರುತ್ತದೆ ಎನ್ನುವುದು ರೆಫರಲ್ ಅಲ್ಲ, ಸರಪಳಿ. ಅಂಥ ಹಣದ ಸರಪಳಿಗಳನ್ನು 1978ರ ಕಾಯಿದೆಯೇ ನಿಷೇಧಿಸಿದೆ. ಮೇಲೆ ಹೇಳಿದ ಹಳ್ಳಿಯ ಲೆಕ್ಕದಲ್ಲಿ ಆ 81 ಜನ ಅಲ್ಲಿ ಬಹುಮಾನವನ್ನಷ್ಟೇ ಅಲ್ಲ, ಕೈಯಿಂದ ಕೊಟ್ಟ ಹಣವನ್ನೂ ಕಳೆದುಕೊಳ್ಳುತ್ತಾರೆ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ನಮ್ಮ ನೆಂಟರನ್ನೂ ಗೆಳೆಯರನ್ನೂ ನಮ್ಮ ಕೈಯಿಂದಲೇ ಕರೆಸಿಕೊಳ್ಳುವ ಕಂಪನಿಯು ಆ ಕೆಲಸದ ದರವನ್ನು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆಯಲಿ. ಹೆಚ್ಚೆಂದರೆ ಎಷ್ಟು ಎಂಬುದರ ಪಕ್ಕದಲ್ಲಿ, ಕಡಿಮೆಯೆಂದರೆ ಎಷ್ಟು, ಕಳೆದ ತಿಂಗಳು ನೂರು ಜನರಲ್ಲಿ ಎಷ್ಟು ಜನರಿಗೆ ಎಷ್ಟು ಸಿಕ್ಕಿತು ಎಂಬುದನ್ನೂ ಹಾಕಲಿ. ಮಿಲ್ಲಿನ ಮಾಲೀಕನು ಬಾಗಿಲಿಗೆ “ದಿನಗೂಲಿ 600 ರೂಪಾಯಿವರೆಗೆ” ಎಂದು ಬರೆದು ವಾರದ ಕೊನೆಗೆ ನೂರರಂತೆ ಎಣಿಸಿಕೊಟ್ಟರೆ ನಾವು ಸುಮ್ಮನಿರುತ್ತೇವೆಯೇ?

ಹುಡುಗನೂ ನಾನೂ ಭಾಲ್ಕಿಯ ಅಂಗಡಿಗೆ ಹೋಗಿ ಈ ಲೆಕ್ಕ ಹೇಳಿದೆವು. ಅಂಗಡಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೋಗಲಿ ತಮ್ಮಾ, ಪಗಾರ ಆದಾಗ ತಿಂಗಳಿಗೆ ನಾನೂರು ಕೊಡು” ಎಂದರು. ಆರು ತಿಂಗಳಿಗೆ ತೀರುತ್ತದೆ. ಮೊದಲ ಕಂತು ಸಂದಾಯವಾಗಿದೆ.