ಕೇಕ್‌ಗೆ ಸೋಪಿನ ರುಚಿ ಬಂದದ್ದು ಯಾಕೆ?

ಅಮ್ಮನ ಹುಟ್ಟುಹಬ್ಬಕ್ಕೆ ಮೊಟ್ಟೆಯಿಲ್ಲದ ಮೊಸರಿನ ಕೇಕ್ ಮಾಡಲು ಹೊರಟಿದ್ದೆ. ಒಂದೂವರೆ ಕಪ್ ಮೈದಾ, ಅರ್ಧ ಕಪ್ ಮೊಸರು, ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್ ಅಂತ ರೆಸಿಪಿಯಲ್ಲಿತ್ತು. ಡಬ್ಬ ನೋಡಿದರೆ ಪೌಡರ್ ಖಾಲಿ. ಪಕ್ಕದಲ್ಲಿ ಅಡುಗೆ ಸೋಡಾ ಇತ್ತು. ಎರಡೂ ಬಿಳಿ ಪುಡಿ, ಎರಡೂ ಉಬ್ಬಿಸುತ್ತವೆ ಅಂದ್ಕೊಂಡು ಅದನ್ನೇ ಅಷ್ಟೇ ಅಳತೆಗೆ ಹಾಕಿದೆ. ಕೇಕ್ ಉಬ್ಬಿತು, ಆಮೇಲೆ ನಡುವೆ ಕುಸೀತು. ಮೇಲ್ಭಾಗ ಕಡು ಕಂದು. ಮೊದಲ ತುತ್ತಿಗೇ ತಂಗಿ ಕೇಳಿದಳು, "ಅಣ್ಣಾ, ಸೋಪ್ ಹಾಕಿದ್ಯಾ?" ಅಮ್ಮ ಮಾತ್ರ ಏನೂ ಹೇಳದೆ ಇಡೀ ತುಂಡು ತಿಂದರು. ಅದೇ ಹೆಚ್ಚು ಚುಚ್ಚಿತು.

ಆ ರಾತ್ರಿ ಬೇಕರಿ ವಿಜ್ಞಾನದ ಪೇಪರ್‌ಗಳನ್ನು ಓದಿದೆ. ತಪ್ಪು ಎಲ್ಲಿ ಆಯ್ತು ಅನ್ನೋದು ಒಂದು ಸಣ್ಣ ಲೆಕ್ಕದಲ್ಲಿ ಸಿಕ್ಕಿತು.

ಅಡುಗೆ ಸೋಡಾ ಅಂದ್ರೆ ಬರೀ ಸೋಡಿಯಂ ಬೈಕಾರ್ಬನೇಟ್. ಹುಳಿ ಸಿಕ್ಕರೆ ಅದು ತನ್ನಲ್ಲಿರುವ ಇಂಗಾಲದ ಡೈಆಕ್ಸೈಡ್ ಪೂರ್ತಿ ಬಿಟ್ಟುಕೊಡುತ್ತೆ. ಹುಳಿ ಸಿಗದಿದ್ದರೂ ಓವನ್‌ನ ಬಿಸಿಗೆ ಒಡೆಯುತ್ತೆ, ಆದರೆ ಬರೋದು ಅರ್ಧ ಗ್ಯಾಸ್ ಮಾತ್ರ. ಉಳಿದದ್ದು ಸೋಡಿಯಂ ಕಾರ್ಬನೇಟ್ ಆಗಿ ಕೇಕ್‌ನಲ್ಲೇ ಕೂರುತ್ತೆ. ಇದು ಬಟ್ಟೆ ಒಗೆಯುವ ಸೋಡಾ! ಸೋಪಿನ ರುಚಿ ಅದರದ್ದೇ. ಕ್ಷಾರ ಜಾಸ್ತಿಯಾದರೆ ಕಂದು ಬಣ್ಣವೂ ಬೇಗ ಏರುತ್ತೆ.

ಹಾಗಾದರೆ ನನ್ನ ಮೊಸರು ಎಷ್ಟು ಸೋಡಾ ತಡೆಯುತ್ತಿತ್ತು? ಚೆನ್ನಾಗಿ ಹುಳಿಯಾದ ಮೊಸರಿನಲ್ಲಿ ಸುಮಾರು ಶೇ. 1ರಷ್ಟು ಲ್ಯಾಕ್ಟಿಕ್ ಆಮ್ಲ ಇರುತ್ತೆ. ಅರ್ಧ ಕಪ್ ಅಂದ್ರೆ 120 ಗ್ರಾಂ, ಅದರಲ್ಲಿ ಆಮ್ಲ 1.2 ಗ್ರಾಂ. 90 ಗ್ರಾಂ ಲ್ಯಾಕ್ಟಿಕ್ ಆಮ್ಲಕ್ಕೆ 84 ಗ್ರಾಂ ಸೋಡಾ ಸರಿಹೊಂದುತ್ತೆ, ಆದ್ದರಿಂದ 1.2 ಗ್ರಾಂಗೆ 1.1 ಗ್ರಾಂ ಸೋಡಾ ಸಾಕು. ಅಂದ್ರೆ ಬರೀ ಕಾಲು ಟೀ ಚಮಚ. ನಾನು ಹಾಕಿದ್ದು ಒಂದೂವರೆ ಚಮಚ, ಹತ್ತಿರ ಹತ್ತಿರ 7 ಗ್ರಾಂ. ಸುಮಾರು 6 ಗ್ರಾಂ ಸೋಡಾಗೆ ಜೋಡಿಯೇ ಇರಲಿಲ್ಲ.

ಬೇಕಿಂಗ್ ಪೌಡರ್‌ನಲ್ಲಿ ಈ ತಲೆನೋವಿಲ್ಲ. ಸೋಡಾ, ಅದಕ್ಕೆ ತಕ್ಕ ಒಣ ಆಮ್ಲ, ತೇವ ಹೀರೋಕೆ ಕಾರ್ನ್ ಸ್ಟಾರ್ಚ್, ಮೂರೂ ಒಂದೇ ಡಬ್ಬದಲ್ಲಿವೆ. ಯಾವ ಆಮ್ಲ ಎಷ್ಟು ಹಾಕಬೇಕು ಅನ್ನೋದಕ್ಕೆ ಪೇಪರ್‌ಗಳಲ್ಲಿ 'ನ್ಯೂಟ್ರಲೈಸಿಂಗ್ ವ್ಯಾಲ್ಯೂ' ಅನ್ನೋ ಸಂಖ್ಯೆ ಬಳಸ್ತಾರೆ. 100 ಗ್ರಾಂ ಆಮ್ಲ ಎಷ್ಟು ಗ್ರಾಂ ಸೋಡಾವನ್ನು ಪೂರ್ತಿ ತಟಸ್ಥಗೊಳಿಸುತ್ತೆ ಅನ್ನೋದೇ ಅದು. ಕ್ರೀಮ್ ಆಫ್ ಟಾರ್ಟರ್‌ಗೆ ಸುಮಾರು 45, ಸೋಡಿಯಂ ಆಸಿಡ್ ಪೈರೋಫಾಸ್ಫೇಟ್‌ಗೆ ಸುಮಾರು 72. ಒಂದು ಪಾಲು ಸೋಡಾಗೆ ಎರಡು ಪಾಲು ಕ್ರೀಮ್ ಆಫ್ ಟಾರ್ಟರ್ ಅನ್ನೋ ಹಳೇ ಅಡುಗೆಮನೆ ಲೆಕ್ಕ ಬಂದದ್ದು ಈ 45ರಿಂದಲೇ.

ಆಮ್ಲದ ಪ್ರಮಾಣದಷ್ಟೇ ಅದರ ವೇಗವೂ ಮುಖ್ಯ. ಕ್ರೀಮ್ ಆಫ್ ಟಾರ್ಟರ್ ಒದ್ದೆಯಾದ ಕೂಡಲೇ ಕೆಲಸ ಶುರು ಮಾಡುತ್ತೆ, ಪೈರೋಫಾಸ್ಫೇಟ್ ನಿಧಾನ, ಬಿಸಿ ತಾಗಿದ ಮೇಲೇ ಹೆಚ್ಚಿನ ಗ್ಯಾಸ್. 'ಡಬಲ್ ಆಕ್ಟಿಂಗ್' ಪೌಡರ್‌ನಲ್ಲಿ ಬೇಗ ಕೆಲಸ ಮಾಡುವ ಆಮ್ಲವೂ ಇರುತ್ತೆ, ನಿಧಾನದ್ದೂ ಇರುತ್ತೆ. ಹಾಗಾಗಿ ಹಿಟ್ಟು ಹತ್ತು ನಿಮಿಷ ಕಾದರೂ ಕೇಕ್ ಕೆಡಲ್ಲ. ಬರೀ ಸೋಡಾ ಮತ್ತು ಮೊಸರು ಹಾಕಿದ್ದರೆ ಗುಳ್ಳೆ ಬೌಲ್‌ನಲ್ಲೇ ಶುರು, ಆದ್ದರಿಂದ ಓವನ್ ಮೊದಲೇ ಬಿಸಿಯಾಗಿರಬೇಕು.

ಮುಂದಿನ ಭಾನುವಾರ ಅದೇ ಕೇಕ್ ಮತ್ತೆ ಮಾಡಿದೆ. ಮೊಸರಿನ ಹುಳಿಗೆ ಕಾಲು ಚಮಚ ಸೋಡಾ. ಅದು ಕೊಡುವ ಗ್ಯಾಸ್ ಸುಮಾರು ಒಂದು ಚಮಚ ಬೇಕಿಂಗ್ ಪೌಡರ್‌ಗೆ ಸಮ. ಬಾಕಿ ಅರ್ಧ ಚಮಚಕ್ಕೆ ಹೊಸ ಡಬ್ಬದ ಪೌಡರ್. ಪೌಡರ್ ಸಿಗದಿದ್ದರೆ ಅದರ ಬದಲು ಒಂದು ಚಿಟಿಕೆ, ಅಂದ್ರೆ ಸುಮಾರು ಅರ್ಧ ಗ್ರಾಂ ಸೋಡಾ ಮತ್ತು ಎರಡು ಟೀ ಚಮಚ ನಿಂಬೆರಸ ಸಾಕಾಗುತ್ತಿತ್ತು.

ಈ ಲೆಕ್ಕಕ್ಕೂ ಮಿತಿ ಇದೆ. ಇವತ್ತು ಹೆಪ್ಪಾದ ಮೊಸರಿಗಿಂತ ನಿನ್ನೆಯ ಮೊಸರು ಹುಳಿ, ಹಾಗಾಗಿ ಮೊಸರು ಸಿಹಿಯಾಗಿದ್ದರೆ ಸೋಡಾವನ್ನು ಕಾಲು ಚಮಚಕ್ಕಿಂತ ಕಡಿಮೆ ಮಾಡಿ. ಡಬ್ಬ ಹಳೆಯದಾಗಿದ್ದರೆ ಮೊದಲು ಪರೀಕ್ಷೆ ಮಾಡಿ: ಪೌಡರ್ ಬಿಸಿನೀರಿನಲ್ಲಿ, ಸೋಡಾ ನಿಂಬೆರಸದಲ್ಲಿ ಬುಸ್ಸಂತ ನೊರೆ ಬರಬೇಕು. ಪೌಡರ್ ಸುಮ್ಮನೆ ಕರಗಿದರೆ ಅದು ಡಬ್ಬದೊಳಗಿನ ತೇವಕ್ಕೇ ಕೆಲಸ ಮುಗಿಸಿದೆ ಅಂತ ಅರ್ಥ.

ಎರಡನೇ ಕೇಕ್ ಹೊಂಬಣ್ಣಕ್ಕೆ ಬಂತು, ನಡುವೆ ಕುಸಿಯಲಿಲ್ಲ. ಅಮ್ಮ ಒಂದು ತುಂಡು ತಿಂದು ಇನ್ನೊಂದಕ್ಕೆ ಕೈ ಚಾಚಿ, "ಹೋದ ವಾರದ್ದು ಸ್ವಲ್ಪ ಸೋಪ್ ಥರ ಇತ್ತಪ್ಪ" ಅಂದರು.