ಸ್ಲ್ಯಾಬ್‌ನ ಕಬ್ಬಿಣ: ತೂಕ ಕೇಳುವ ಮೊದಲು ಸರಳು ಎಣಿಸಿ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆ ಮನೆ ಕಟ್ಟಿಸುತ್ತಿರುವವರಲ್ಲಿ ಒಂದು ಮನವಿ. ಸ್ಲ್ಯಾಬಿಗೆ ಎಷ್ಟು ಕಬ್ಬಿಣ ಬೇಕೆಂದು ಕೇಳಿದಾಗ ‘ಇಷ್ಟು ಕ್ವಿಂಟಲ್’ ಎಂಬ ಉತ್ತರಕ್ಕೇ ತೃಪ್ತರಾಗಬೇಡಿ. ಅಂಗಡಿಯಲ್ಲಿ ಕಬ್ಬಿಣ ತೂಕಕ್ಕೆ ಸಿಗುತ್ತದೆ, ಸೆಂಟ್ರಿಂಗ್ ಮೇಲೆ ಹಾಸುವುದು ಮಾತ್ರ ತುಂಡುಗಳ ಲೆಕ್ಕದಲ್ಲಿ. ಇವೆರಡರ ನಡುವಿನ ಲೆಕ್ಕವನ್ನು ಮನೆಯವರು ಮಾಡುವುದೇ ಇಲ್ಲ. ಹಣ ಸೋರುವುದು ಅಲ್ಲಿಯೇ.

ಒಂದು ಕೋಣೆಯ ಸ್ಲ್ಯಾಬ್ ತೆಗೆದುಕೊಳ್ಳೋಣ. ಹೊರ ಅಳತೆ 4 ಮೀಟರ್ ಅಗಲ, 5 ಮೀಟರ್ ಉದ್ದ, ದಪ್ಪ 125 ಮಿಲಿಮೀಟರ್. ಇಂಜಿನಿಯರ್ ನಕ್ಷೆಯಲ್ಲಿ ಅಗಲದ ದಿಕ್ಕಿಗೆ 10 ಮಿ.ಮೀ. ಸರಳು 150 ಮಿ.ಮೀ. ಅಂತರದಲ್ಲಿ, ಉದ್ದದ ದಿಕ್ಕಿಗೆ 8 ಮಿ.ಮೀ. ಸರಳು 200 ಮಿ.ಮೀ. ಅಂತರದಲ್ಲಿ ಇದೆ ಎನ್ನಿ. (ಇದು ಎಣಿಕೆ ತೋರಿಸಲು ಹಿಡಿದ ಉದಾಹರಣೆ, ನಿಮ್ಮ ಸ್ಲ್ಯಾಬಿನ ಅಂತರ ನಿಮ್ಮ ಇಂಜಿನಿಯರೇ ಹೇಳಬೇಕು.) ಎರಡೂ ಅಂಚಿಗೆ 25 ಮಿ.ಮೀ. ಕವರ್ ಬಿಟ್ಟರೆ 5 ಮೀಟರ್ ಉದ್ದಕ್ಕೆ 10 ಮಿ.ಮೀ. ಸರಳು 34 ಬೀಳುತ್ತವೆ. ಕವರ್ ಕಳೆದು 3.95 ಮೀಟರ್, ತುದಿ ಬಗ್ಗಿಸಲು ಮತ್ತು ಕ್ರ್ಯಾಂಕಿಗೆ 15 ಸೆಂಟಿಮೀಟರ್ ಸೇರಿಸಿದರೆ ಪ್ರತಿಯೊಂದೂ 4.10 ಮೀಟರ್. ಹಾಗೆಯೇ 8 ಮಿ.ಮೀ. ಸರಳು 21, ತಲಾ 5.10 ಮೀಟರ್. ಅಳತೆಯನ್ನು ಸ್ಲ್ಯಾಬಿನ ಅಂಚಿನಿಂದ ಹಿಡಿಯಬೇಕು, ಕೋಣೆಯ ಒಳಗಿನಿಂದಲ್ಲ. ದಪ್ಪ ಕಲ್ಲಿನ ಗೋಡೆಗಳಿರುವ ನಮ್ಮ ಕಡೆಯ ಮನೆಗಳಲ್ಲಿ ಈ ತಪ್ಪು ಮಾಡಿದರೆ ಪ್ರತಿ ಸರಳೂ ಗೋಡೆಯ ಮೇಲೆ ಕೂರುವಷ್ಟು ಉದ್ದವಿಲ್ಲದೆ ಗಿಡ್ಡವಾಗುತ್ತದೆ.

ಈಗ ತೂಕ. ಸರಳಿನ ವ್ಯಾಸವನ್ನು ಮಿಲಿಮೀಟರಿನಲ್ಲಿ ಹಿಡಿದು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ಕಿಲೋ ಸಿಗುತ್ತದೆ. ಉಕ್ಕಿನ ಸಾಂದ್ರತೆ ಘನಮೀಟರಿಗೆ 7850 ಕಿಲೋ ಆದ್ದರಿಂದ ಈ 162 ಬಂದಿದೆ. 8 ಮಿ.ಮೀ.ಗೆ 0.395 ಕಿಲೋ, 10 ಮಿ.ಮೀ.ಗೆ 0.617. ನಮ್ಮ ಸ್ಲ್ಯಾಬಿಗೆ 10 ಮಿ.ಮೀ. 86 ಕಿಲೋ, 8 ಮಿ.ಮೀ. 42 ಕಿಲೋ, ಒಟ್ಟು 128.

ಇಲ್ಲಿಗೆ ನಿಲ್ಲಿಸುವವರೇ ಹೆಚ್ಚು. 12 ಮೀಟರಿನ 10 ಮಿ.ಮೀ. ಸರಳು 7.4 ಕಿಲೋ ತೂಗುತ್ತದೆ, 86ನ್ನು ಅದರಿಂದ ಭಾಗಿಸಿ 12 ಸರಳು ತರಿಸುತ್ತಾರೆ. ಕತ್ತರಿಸಲು ಕೂತಾಗ ಗೊತ್ತಾಗುತ್ತದೆ: 12 ಮೀಟರಿನಲ್ಲಿ 4.10ರ ತುಂಡು ಎರಡೇ ಬರುತ್ತವೆ, 3.8 ಮೀಟರ್ ಉಳಿಯುತ್ತದೆ. 34 ತುಂಡಿಗೆ 17 ಸರಳು ಬೇಕು. 8 ಮಿ.ಮೀ.ನಲ್ಲೂ ಭಾಗಾಕಾರ 9 ಎನ್ನುತ್ತದೆ, ಕತ್ತರಿ 11 ಕೇಳುತ್ತದೆ. ಕೊಳ್ಳಬೇಕಾದದ್ದು ಸುಮಾರು 178 ಕಿಲೋ, ಸ್ಲ್ಯಾಬಿನೊಳಗೆ ಹೋಗುವುದು 128. ಉಳಿದ 50 ಕಿಲೋ ತುಂಡು ನಿಮ್ಮದೇ ಆಸ್ತಿ. ಗೋಡೆಯ ಮೇಲಿನ ಎಕ್ಸ್‌ಟ್ರಾ ಸರಳಿಗೆ, ಛಜ್ಜಾಕ್ಕೆ, ಲಿಂಟಲಿಗೆ ಎಲ್ಲೆಲ್ಲಿ ಹೊಂದುತ್ತದೋ ಮೊದಲೇ ಗುರುತು ಹಾಕಿಸಿ. ಗುರುತು ಹಾಕದ ತುಂಡು ಗುಜರಿ ಬೆಲೆಗೆ ಹೋಗುತ್ತದೆ. ನಕ್ಷೆ ಇನ್ನೂ ಕಾಗದದ ಮೇಲೇ ಇದ್ದರೆ ಅಗಲವನ್ನು 15 ಸೆಂ.ಮೀ. ಕಡಿಮೆ ಮಾಡಲಾದೀತೇ ಎಂದು ಕೇಳಿ ನೋಡಿ. ತುಂಡು 3.95 ಆಗಿ ಒಂದು ಸರಳಿಗೆ ಮೂರು ಬಂದರೆ 17ರ ಬದಲು 12 ಸರಳು ಸಾಕು.

‘ಉಳಿದ ತುಂಡುಗಳನ್ನು ಜೋಡಿಸಿದರಾಯಿತಲ್ಲ’ ಎನ್ನುವವರಿದ್ದಾರೆ. ಜೋಡಣೆಗೆ ವ್ಯಾಸದ ಐವತ್ತು ಪಟ್ಟು, ಅಂದರೆ 10 ಮಿ.ಮೀ.ಗೆ ಅರ್ಧ ಮೀಟರ್, ಒಂದರ ಮೇಲೊಂದು ಬರುವಂತೆ ಬಿಡುವುದು ವಾಡಿಕೆ. ಅದೂ ಎಲ್ಲ ಜೋಡಣೆ ಒಂದೇ ಸಾಲಿಗೆ ಬರಬಾರದು, ಕೋಣೆಯ ನಡುಮಧ್ಯದ ಕೆಳಸರಳಿನಲ್ಲಂತೂ ಬೇಡ.

ಇನ್ನೊಂದು ಮಾತು ಗೌಂಡಿಗಳದ್ದು: ಘನಮೀಟರಿಗೆ 80 ಕಿಲೋ ಹಿಡಿದರೆ ಸಾಕು, ಇಷ್ಟೆಲ್ಲ ಎಣಿಕೆ ಯಾಕೆ? ಅವರ ಅನುಭವ ಸುಳ್ಳಲ್ಲ. ನಮ್ಮ ಎರಡೂವರೆ ಘನಮೀಟರಿಗೆ ಅದು 200 ಕಿಲೋ ಎನ್ನುತ್ತದೆ, ದುಡ್ಡು ಹೊಂದಿಸಿಕೊಳ್ಳಲು ಅದು ಒಳ್ಳೆಯ ಅಂದಾಜೇ. ಆದರೆ ಅದು ವ್ಯಾಸ ಹೇಳುವುದಿಲ್ಲ. 200 ಕಿಲೋ 8 ಮಿ.ಮೀ. ಎಂದರೆ 506 ಮೀಟರ್, 10 ಮಿ.ಮೀ. ಎಂದರೆ 324. ಅಂಗಡಿಗೆ ಕೊಡುವ ಚೀಟಿಯಲ್ಲಿ ಈ ವ್ಯತ್ಯಾಸ ಕಾಣದಿದ್ದರೆ ಲಾರಿಯಲ್ಲಿ ಬಂದದ್ದನ್ನು ಯಾವುದರ ಜೊತೆ ತಾಳೆ ನೋಡುತ್ತೀರಿ?

ವೇಬ್ರಿಜ್ ಚೀಟಿ ಇದೆಯಲ್ಲ ಎಂದರೆ, ಹತ್ತು ಕಿಲೋ ಹೆಜ್ಜೆಯಲ್ಲಿ ತೋರಿಸುವ ಕಾಟಾದಲ್ಲಿ ಒಂದಿಡೀ ಸರಳು ಕಾಣದೇ ಹೋಗಬಹುದು. ಇಷ್ಟು ಸಣ್ಣ ಲೋಡಿಗೆ ಅಂಗಡಿಯ ಚಿಕ್ಕ ಕಾಟಾ ಮೇಲು. ಕಟ್ಟು ಬಿಚ್ಚಿಸಿ ವ್ಯಾಸವಾರು ಎಣಿಸಿ. ನಡುವೆ ಮಡಚಿ ಬಂದ ಸರಳಿನಲ್ಲಿ ಒಂದನ್ನು ಟೇಪಿನಿಂದ ಅಳೆಯಿರಿ, 11.8 ಮೀಟರ್ ಇದ್ದರೆ 3.95ರ ಮೂರು ತುಂಡು ಬರುವುದಿಲ್ಲ. ತೂಕವನ್ನು ಒಟ್ಟು ಮೀಟರಿನಿಂದ ಭಾಗಿಸಿ. ಐಎಸ್ 1786 ಪ್ರಕಾರ 10 ಮಿ.ಮೀ.ವರೆಗಿನ ಸರಳಿನ ಒಂದು ಬ್ಯಾಚಿಗೆ ಶೇ 7ರಷ್ಟು ಹೆಚ್ಚುಕಡಿಮೆಗೆ ಅವಕಾಶವಿದೆ. ಹದಿನೇಳು ಪೂರ್ಣ ಸರಳು 117 ಕಿಲೋಗಿಂತ ಕೆಳಗೆ ತೂಗಿದರೆ ಇಳಿಸಿಕೊಳ್ಳಬೇಡಿ, ಬಗ್ಗಿಸಲು ಶುರುಮಾಡಿದ ಮೇಲೆ ಅಂಗಡಿಯವರು ವಾಪಸ್ ಪಡೆಯುವುದಿಲ್ಲ.