ನಾಲ್ಕು ಕೊಂಬಿನ ರೌಟರ್, ಎರಡು ಗೋಡೆ

ಹೆಂಡತಿಯ ಮ್ಯಾನೇಜರ್ ಕಳೆದ ತಿಂಗಳು ಒಂದು ಮೆಸೇಜ್ ಹಾಕಿದ್ರು: ಮನೆಯಲ್ಲಿ ನೆಟ್ ಸರಿಯಾಗೋವರೆಗೆ ದಿನಾ ಆಫೀಸಿಗೆ ಬನ್ನಿ. ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ ದಿನಾ ಹೋಗಿ ಬರೋದು ಅಂದ್ರೆ ಏನು ಅಂತ ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಅವಳು ಮಲಗೋ ಕೋಣೆಯಲ್ಲಿ ಕೂತು ಮಾತಾಡಿದ್ರೆ ಆ ಕಡೆಯವರಿಗೆ ದನಿ ತುಂಡು ತುಂಡಾಗಿ ಕೇಳುತ್ತೆ. ಅವರ ಮಾತು ಮಾತ್ರ ಇವಳಿಗೆ ಚೆನ್ನಾಗೇ ಕೇಳುತ್ತೆ. “ರೀ, ನೀವು ಸಾಫ್ಟ್‌ವೇರ್ ಇಂಜಿನಿಯರ್ ತಾನೇ?” ಅಂತ ಅವಳು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಫೀಸಿನ ಗೆಳೆಯನ ಹತ್ತಿರ ಇತ್ತು. “ಗುರು, ನಾಲ್ಕು ಆಂಟೆನಾದ್ದು ತಗೋ. ಬೀಮ್‌ಫಾರ್ಮಿಂಗ್, ಎಂಯು-ಮಿಮೊ ಎರಡೂ ಇದೆ. ಆರೂವರೆ ಸಾವಿರ, ತಲೆನೋವು ಮುಗೀತು.” ದುಡ್ಡು ಹಾಕೋ ಮೊದಲು ಅವನದ್ದನ್ನೇ ಒಂದು ಶನಿವಾರ, ಭಾನುವಾರಕ್ಕೆ ಎರವಲು ತಂದೆ.

ಮೊದಲು ಬೀಮ್‌ಫಾರ್ಮಿಂಗ್. ಹೆಸರು ಕೇಳಿದ್ರೆ ರೌಟರ್ ನಮ್ಮ ಕಡೆ ಟಾರ್ಚ್ ತಿರುಗಿಸಿ ಹಿಡಿಯುತ್ತೆ ಅನ್ಸುತ್ತೆ. ಅದಕ್ಕಿಂತ ಕಲ್ಯಾಣಿಗೆ ಎರಡು ಕಲ್ಲು ಎಸೆದದ್ದನ್ನು ನೆನೆಸಿಕೊಳ್ಳಿ. ಅಲೆಗಳು ಎದುರಾದಾಗ ಕೆಲವು ಕಡೆ ಏರಿಗೆ ಏರು ಸೇರಿ ದೊಡ್ಡದಾಗುತ್ತೆ, ಕೆಲವು ಕಡೆ ಏರಿಗೆ ಇಳಿತ ಸೇರಿ ನೀರು ಸುಮ್ಮನಾಗುತ್ತೆ. ರೌಟರ್ ತನ್ನ ಆಂಟೆನಾಗಳಿಂದ ಹೊರಡೋ ಅಲೆಗಳನ್ನು ಚೂರು ಹಿಂದೆ ಮುಂದೆ ಮಾಡಿ, ನಿಮ್ಮ ಫೋನ್ ಇರೋ ಜಾಗದಲ್ಲಿ ಏರುಗಳು ಸೇರೋ ಹಾಗೆ ನೋಡಿಕೊಳ್ಳುತ್ತೆ. ಫೋನ್ ಎಲ್ಲಿದೆ ಅನ್ನೋದು ಅದಕ್ಕೆ ಗೊತ್ತಿಲ್ಲ, ಗೊತ್ತಾಗಬೇಕಾಗೂ ಇಲ್ಲ. ಆಗಾಗ ಒಂದು ಖಾಲಿ ಪರೀಕ್ಷಾ ಸಿಗ್ನಲ್ ಕಳಿಸುತ್ತೆ. ಅದು ಗೋಡೆ, ಬೀರುಗೆಲ್ಲ ಬಡಿದು ತನಗೆ ಹೇಗೆ ತಲುಪಿತು ಅಂತ ಫೋನೇ ಅಳೆದು ವರದಿ ಒಪ್ಪಿಸುತ್ತೆ. ಆ ವರದಿ ಕೊಡೋ ಶಕ್ತಿ ಫೋನಿಗೂ ಇರಬೇಕು. ಇಲ್ಲದಿದ್ರೆ ಡಬ್ಬಿ ಮೇಲೆ ಬರೆದಿದ್ದು ಡಬ್ಬಿ ಮೇಲೇ ಉಳಿಯುತ್ತೆ.

ಇದರಿಂದ ಸಿಗೋದೆಷ್ಟು? ಪುಸ್ತಕದ ಲೆಕ್ಕದಲ್ಲಿ ನಾಲ್ಕು ಆಂಟೆನಾಗೆ ಹೆಚ್ಚೆಂದರೆ 6 ಡೆಸಿಬೆಲ್. ಮನೆಯಲ್ಲಿ ಕೈಗೆ ಹತ್ತೋದು ಅದಕ್ಕಿಂತ ಕಮ್ಮಿ. ಆದರೆ 5 ಗಿಗಾಹರ್ಟ್ಸ್ ಸಿಗ್ನಲ್‌ನಿಂದ ಒಂದೇ ಒಂದು ಕಾಂಕ್ರೀಟ್ ಗೋಡೆ 10 ಡೆಸಿಬೆಲ್‌ಗಿಂತ ಹೆಚ್ಚು ನುಂಗಬಹುದು. ನಮ್ಮ ಹಾಲ್‌ನ ರೌಟರ್‌ಗೂ ಮಲಗೋ ಕೋಣೆಯ ಮೇಜಿಗೂ ನಡುವೆ ಎರಡು ಗೋಡೆ, ಜೊತೆಗೆ ಅತ್ತೆಮನೆಯಿಂದ ಬಂದ ಕಬ್ಬಿಣದ ಬೀರು.

ಅಳೆಯೋದು ಸುಲಭ. ಹಳೆಯ ಡೆಸ್ಕ್‌ಟಾಪನ್ನು ಕೇಬಲ್‌ನಲ್ಲಿ ರೌಟರ್‌ಗೆ ಸಿಕ್ಕಿಸಿ ಅದರಲ್ಲಿ `iperf3 -s` ಓಡಿಸಿದೆ. ಅವಳ ಲ್ಯಾಪ್‌ಟಾಪ್‌ನಲ್ಲಿ ಇವೆರಡು:

```
iperf3 -c 192.168.1.10 -R
iperf3 -c 192.168.1.10
```

ಮೊದಲನೆಯದು ರೌಟರ್‌ನಿಂದ ಲ್ಯಾಪ್‌ಟಾಪ್‌ಗೆ ಬರೋ ವೇಗ, ಎರಡನೆಯದು ಲ್ಯಾಪ್‌ಟಾಪ್‌ನಿಂದ ಹೋಗೋ ವೇಗ. ಇಂಟರ್ನೆಟ್ ಕಂಪನಿ ನಡುವೆ ಬರೋದೇ ಇಲ್ಲ, ಹಾಗಾಗಿ ವೈಫೈ ಒಂದನ್ನೇ ಅಳೆದ ಹಾಗಾಯ್ತು.

ನಮ್ಮ ಹಳೇ ರೌಟರ್‌ನಲ್ಲಿ ಬರೋದು 70 ಎಂಬಿಪಿಎಸ್, ಹೋಗೋದು 9. ಆ 9 ಕೂಡ ನಿಲ್ಲದೆ ನಡುನಡುವೆ 1ಕ್ಕೆ ಇಳೀತಿತ್ತು. ದನಿ ತುಂಡಾಗೋದು ಯಾಕೆ ಅಂತ ಅಲ್ಲೇ ಗೊತ್ತಾಯ್ತು. ಗೆಳೆಯನ ರೌಟರ್ ಇಟ್ಟು ಬೀಮ್‌ಫಾರ್ಮಿಂಗ್ ಆಫ್ ಮಾಡಿದಾಗ ಬರೋದು 120, ಆನ್ ಮಾಡಿದಾಗ 145. ಪರವಾಗಿಲ್ಲ, ಸುಳ್ಳೇನೂ ಹೇಳಿಲ್ಲ. ಹೋಗೋದು? ಆನ್ ಇದ್ದರೂ 22, ಆಫ್ ಇದ್ದರೂ 22. ರೌಟರ್ ತಾನು ಕಳಿಸೋ ಅಲೆಯನ್ನು ತಿದ್ದುತ್ತೆ, ಲ್ಯಾಪ್‌ಟಾಪ್ ಕಳಿಸೋದನ್ನಲ್ಲ. 9 ಇದ್ದದ್ದು 22 ಆಗಿದ್ದು ಕೇಳಿಸಿಕೊಳ್ಳೋ ಕಿವಿ ಜಾಸ್ತಿ ಇದ್ದದ್ದಕ್ಕೆ, ಅಂದ್ರೆ ನಾಲ್ಕು ಆಂಟೆನಾದಿಂದ. ಆ ಸ್ವಿಚ್ಚಿನಿಂದಲ್ಲ. ಹಾಲ್‌ನಲ್ಲಿ ಕೂತು ಅಳೆದಾಗ ಎರಡೂ ರೀತಿಯಲ್ಲಿ 540. ಅಲ್ಲಿ ಸಿಗ್ನಲ್ ಆಗಲೇ ತುಂಬಿ ತುಳುಕ್ತಿದೆ, ಇನ್ನೇನು ಸೇರಿಸೋದು?

ಇನ್ನು ಎಂಯು-ಮಿಮೊ. ವೈಫೈನಲ್ಲಿ ರೌಟರ್ ಸಾಮಾನ್ಯವಾಗಿ ಒಂದು ಹೊತ್ತಿಗೆ ಒಬ್ಬರಿಗೇ ಡೇಟಾ ಕಳಿಸುತ್ತೆ, ಮದುವೆ ಪಂಕ್ತಿಯಲ್ಲಿ ಬಡಿಸೋರು ಒಂದೊಂದೇ ಎಲೆ ದಾಟಿಕೊಂಡು ಹೋದ ಹಾಗೆ. ತುಂಬಾ ಬೇಗ ದಾಟೋದ್ರಿಂದ ನಮಗೆ ಗೊತ್ತಾಗಲ್ಲ. ಎಂಯು-ಮಿಮೊ ಅಂದ್ರೆ ಎರಡು ಕೈಯಲ್ಲಿ ಎರಡು ಎಲೆಗೆ ಒಟ್ಟಿಗೆ ಬಡಿಸೋದು. ಅದಕ್ಕೆ ಅದೇ ಅಲೆಗಳ ಆಟ ಬೇಕು, ಇನ್ನೂ ಕಟ್ಟುನಿಟ್ಟಾಗಿ: ನಿಮ್ಮ ಫೋನಿಗೆ ಕಳಿಸಿದ್ದು ನಿಮ್ಮ ಹತ್ತಿರ ಏರಬೇಕು, ಅದೇ ಹೊತ್ತಿಗೆ ನನ್ನ ಲ್ಯಾಪ್‌ಟಾಪ್ ಹತ್ತಿರ ಸೊನ್ನೆಯಾಗಬೇಕು. ಒಂದೇ ಸೋಫಾದಲ್ಲಿ ಅಂಟಿಕೊಂಡು ಕೂತರೆ ಇದು ಕಷ್ಟ. ಫೋನ್ ಹಿಡಿದು ಓಡಾಡಿದ್ರೂ ಕಷ್ಟ, ವರದಿ ತಲುಪೋ ಹೊತ್ತಿಗೆ ಅದು ಹಳೆಯದಾಗಿರುತ್ತೆ.

ಆಂಟೆನಾ ಲೆಕ್ಕವೂ ಇದೆ. ಹೊರಗೆ ನಾಲ್ಕು ಕೊಂಬು ಕಂಡ ಮಾತ್ರಕ್ಕೆ 5 ಗಿಗಾಹರ್ಟ್ಸ್‌ಗೆ ನಾಲ್ಕು ಅಂತ ಅಲ್ಲ. ಎಸಿ1200 ಅಂತ ಬರೆದಿರೋ ಅಗ್ಗದ ರೌಟರ್‌ಗಳಲ್ಲಿ 2.4ಕ್ಕೆ ಎರಡು, 5ಕ್ಕೆ ಎರಡು. ನಿಮ್ಮ ಫೋನಿನಲ್ಲೇ ಎರಡು ಆಂಟೆನಾ ಇದ್ದರೆ ಅದೊಂದೇ ಎರಡನ್ನೂ ಬಳಸಿಕೊಳ್ಳಬಲ್ಲದು, ಪಕ್ಕದವರಿಗೆ ಒಟ್ಟಿಗೆ ಬಡಿಸೋಕೆ ಕೈ ಎಲ್ಲಿದೆ? ನಿಮ್ಮ ಫೋನಿನ ಲೆಕ್ಕ ನೋಡಬೇಕಾದ್ರೆ ರೌಟರ್ ಪಕ್ಕ ನಿಂತು ವೈಫೈ ಸೆಟ್ಟಿಂಗ್ಸ್‌ನಲ್ಲಿ ಲಿಂಕ್ ಸ್ಪೀಡ್ ನೋಡಿ. ವೈಫೈ 5ರಲ್ಲಿ 433 ಇದ್ದರೆ ಸಾಮಾನ್ಯವಾಗಿ ಒಂದು ಆಂಟೆನಾ, 866 ಇದ್ದರೆ ಎರಡು. ವೈಫೈ 5ರ ಎಂಯು-ಮಿಮೊ ರೌಟರ್‌ನಿಂದ ನಮ್ಮ ಕಡೆಗೆ ಮಾತ್ರ, ನಾವು ಕಳಿಸೋದಕ್ಕೆ ಅದು ಬಂದಿದ್ದು ವೈಫೈ 6ರಲ್ಲಿ. ಅದಕ್ಕೂ ಎರಡೂ ಕಡೆಯ ಬೆಂಬಲ ಬೇಕು.

ಗೆಳೆಯನ ರೌಟರ್‌ನಲ್ಲಿ 5 ಗಿಗಾಹರ್ಟ್ಸ್‌ಗೆ ನಿಜವಾಗಿ ನಾಲ್ಕಿದ್ದವು. ಹಾಲ್‌ನ ಎರಡು ಮೂಲೆಯಲ್ಲಿ ಎರಡು ಲ್ಯಾಪ್‌ಟಾಪ್ ಇಟ್ಟು ಒಟ್ಟಿಗೆ ಓಡಿಸಿದೆ. ಆಫ್ ಇದ್ದಾಗ ಇಬ್ಬರದ್ದೂ ಸೇರಿ 540, ಆನ್ ಇದ್ದಾಗ 610. ಒಂದನ್ನು ಕೈಯಲ್ಲಿ ಹಿಡಿದು ಓಡಾಡಿದಾಗ 500ಕ್ಕೆ ಇಳೀತು, ಅಂದ್ರೆ ಆಫ್ ಮಾಡಿದ್ದಕ್ಕಿಂತ ಕಮ್ಮಿ. ಪದೇ ಪದೇ ವರದಿ ಕೇಳೋಕೂ ಸಮಯ ಖರ್ಚಾಗುತ್ತಲ್ಲ.

ಈ ಅಂಕಿಗಳನ್ನು ಹೆಂಡತಿಗೆ ತೋರಿಸಿದಾಗ ಅವಳು ಕೇಳಿದ್ದು ಒಂದೇ: “ನಮ್ಮ ಪ್ಲಾನ್ ಎಷ್ಟರದ್ದು?” 100 ಎಂಬಿಪಿಎಸ್. ಅಂದ್ರೆ ಟೀವಿ, ಫೋನ್, ಲ್ಯಾಪ್‌ಟಾಪ್ ಎಲ್ಲಾ ಸೇರಿ ಹೊರಗಿನಿಂದ ತರಿಸೋದು ಅಷ್ಟೇ. ಹಾಲ್‌ನಲ್ಲಿ ವೈಫೈ ಅದರ ಐದು ಪಟ್ಟು ಆಗಲೇ ಕೊಡ್ತಿದೆ. ಅಡುಗೆಮನೆಯಿಂದ ಬರೋದೇ ಒಂದು ಸೌಟು ಸಾರು, ಅದಕ್ಕೆ ಎರಡು ಕೈ ಯಾಕೆ? ಮನೆಯೊಳಗೇ ದೊಡ್ಡ ಫೈಲ್‌ಗಳನ್ನು ಹಲವರು ಒಟ್ಟಿಗೆ ಎಳೆಯೋ ಕಡೆ, ಇಲ್ಲಾ ಹತ್ತಾರು ಜನ ಅಲುಗಾಡದೆ ಕೂತ ಆಫೀಸಲ್ಲಿ ಎಂಯು-ಮಿಮೊಗೆ ಕೆಲಸ ಇದೆ.

ಭಾನುವಾರ ಮಧ್ಯಾಹ್ನ ಗೆಳೆಯನ ರೌಟರ್ ಪ್ಯಾಕ್ ಮಾಡಿದೆ. ಬೀದಿ ಕೊನೆಯ ಅಂಗಡಿಯಿಂದ ಹದಿನೈದು ಮೀಟರ್ ಲ್ಯಾನ್ ಕೇಬಲ್ ತಂದೆ. ಫೈಬರ್ ಡಬ್ಬಿಯನ್ನು ಬಾಗಿಲ ಹತ್ತಿರ ಇದ್ದಲ್ಲೇ ಬಿಟ್ಟು, ನಮ್ಮ ಹಳೇ ರೌಟರನ್ನು ಮಲಗೋ ಕೋಣೆ ಬಾಗಿಲೆದುರಿನ ಸಜ್ಜೆ ಮೇಲೆ ಇಟ್ಟೆ. ಅಲ್ಲಿಂದ ಅವಳ ಮೇಜಿಗೆ ಗೋಡೆಯೇ ಅಡ್ಡ ಇಲ್ಲ. ಬರೋದು 410, ಹೋಗೋದು 330. ಹಾಲ್‌ನ ಟೀವಿಗೆ ಈಗ ಒಂದು ಗೋಡೆ ಅಡ್ಡ ಬಂತು, ಆದ್ರೂ 150 ಸಿಗ್ತಿದೆ, ಸೀರಿಯಲ್‌ಗೆ ಅಷ್ಟು ಬೇಕಿಲ್ಲ.

ಸೋಮವಾರದ ಮೀಟಿಂಗ್‌ನಲ್ಲಿ ಯಾರೂ ದನಿ ಕಟ್ ಆಗ್ತಿದೆ ಅನ್ನಲಿಲ್ಲ. ಮ್ಯಾನೇಜರ್ ಸದ್ಯಕ್ಕೆ ವಾರಕ್ಕೆ ಎರಡು ದಿನ ಸಾಕು ಅಂದಿದ್ದಾರೆ. ಬಾಗಿಲ ಚೌಕಟ್ಟಿಗೆ ಹೊಡೆದ ಕೇಬಲ್ ಕ್ಲಿಪ್‌ಗಳನ್ನು ಮನೆ ಓನರ್ ಇನ್ನೂ ನೋಡಿಲ್ಲ.